ಓ.ಡಿ. ಬಡ್ಡಿ ಬ್ಯಾಂಕ್ ಹಾಕಿದ್ದು ಬರೋಬರಿ ಐತೇನು? ನಾ ತಾಳೆ ನೋಡೂದು ಹಿಂಗ

ಜಮಖಂಡಿ ಕಡೆ ನಮ್ದು ಗೊಬ್ಬರ-ಬೀಜದ ಅಂಗಡಿ. ಜೂನ್ ಬಂತಂದ್ರ ಕಂಪನಿಗೆ ಮೊದಲ ರೊಕ್ಕ ಕಟ್ಟಬೇಕು, ರೈತರ ಕಡಿಂದ ಬರೂದು ಕಬ್ಬಿನ ಬಿಲ್ ಕೈಗೆ ಬಿದ್ದಮ್ಯಾಲನ. ನಡುವಿನ ಖಾಲಿ ತುಂಬಾಕ 15 ಲಕ್ಷದ್ದು ಒಂದು ಓವರ್‌ಡ್ರಾಫ್ಟ್ ಅಕೌಂಟ್ ಐತಿ, ತಿಂಗಳ ಕೊನೀ ದಿನ ಬ್ಯಾಂಕ್ ಅದರಾಗಿಂದನ ಬಡ್ಡಿ ಕಟ್ ಮಾಡ್ಕೋತೈತಿ. ನಮ್ಮ ಕಡೆ ಭಾಳ ಮಂದಿ ಆ ಒಂದು ಲೈನ್ ನೋಡಿ, ಟ್ಯಾಲಿ ಒಳಗ ಬಡ್ಡಿ ಖರ್ಚು ಅಂತ ಬರದು ಮುಂದ ಹೋಗಿಬಿಡ್ತಾರ. ನಾ ಹಂಗ ಬಿಡೂದಿಲ್ಲ, ಯಾಕಂದ್ರ ಈ ಲೆಕ್ಕ ಎಕ್ಸೆಲ್ ಒಳಗ ಅರ್ಧ ತಾಸಿನ ಕೆಲಸ. ಕೂಡಿಸೂದು ಗುಣಿಸೂದು ಬಿಟ್ರ ಅದರಾಗ ಬ್ಯಾರೆ ಏನೂ ಇಲ್ಲ.

ಬಡ್ಡಿ ಬೀಳೂದು ಮಂಜೂರಾದ ಲಿಮಿಟ್ ಮ್ಯಾಲ ಅಲ್ಲ, ದಿನಾ ರಾತ್ರಿ ಬ್ಯಾಂಕಿನ ದಿನ ಮುಗಿದಾಗ ಎಷ್ಟು ಡೆಬಿಟ್ ಬಾಕಿ ನಿಂತೈತಿ ಅದರ ಮ್ಯಾಲ. ಮುಂಜಾನೆ 3 ಲಕ್ಷ ತಗದು ಸಂಜಿಗೆ ಬ್ಯಾಂಕ್ ಮುಚ್ಚೂದ್ರಾಗ 3 ಲಕ್ಷ ತುಂಬಿದ್ರ ಆ 3 ಲಕ್ಷಕ್ಕ ಬಡ್ಡಿನ ಇಲ್ಲ. ಅದಕ್ಕ ಸ್ಟೇಟ್‌ಮೆಂಟ್ ಒಳಗ ಒಂದ ದಿನಕ್ಕ ಏಳೆಂಟು ಲೈನ್ ಇದ್ರೂ ನಮಗ ಬೇಕಾದ್ದು ಆ ದಿನದ ಕಟ್ಟಕಡೀ ಬ್ಯಾಲೆನ್ಸ್ ಒಂದ. ರವಿವಾರ, ಸೂಟಿ ಅಂತ ಬಡ್ಡಿ ನಿಲ್ಲೂದಿಲ್ಲ, ಹಿಂದಿನ ದಿನದ ಬಾಕಿನ ಮುಂದುವರಿತೈತಿ. ಅಕೌಂಟ್ ಒಳಗ ನಮ್ಮದ ರೊಕ್ಕ ಹೆಚ್ಚಾಗಿ ಕ್ರೆಡಿಟ್ ಬ್ಯಾಲೆನ್ಸ್ ಬಿದ್ದ ದಿನ ಬಡ್ಡಿ ಸೊನ್ನೆ, ಅದನ್ನ ಮೈನಸ್ ಮಾಡಿ ಬ್ಯಾರೆ ದಿನದ ಬಡ್ಡಿಯಾಗ ಕಳಿಯಾಕ ಬರೂದಿಲ್ಲ.

ಒಂದು ಬಾಕಿ ಎಷ್ಟು ದಿನ ನಿಂತೈತೋ ಅಷ್ಟರಿಂದ ಅದನ್ನ ಗುಣಿಸಿದ್ರ ಬರೂದಕ್ಕ ಬ್ಯಾಂಕಿನವರು ಪ್ರಾಡಕ್ಟ್ ಅಂತಾರ. ಎಲ್ಲಾ ಪ್ರಾಡಕ್ಟ್ ಕೂಡಿಸಿ, ರೇಟಿನಿಂದ ಗುಣಿಸಿ 36500ರಿಂದ ಭಾಗಿಸಿದ್ರ ತಿಂಗಳ ಬಡ್ಡಿ ಬಂತು. ಎಕ್ಸೆಲ್ ಒಳಗ A ಕಾಲಮ್‌ನ್ಯಾಗ ಬಾಕಿ ಬದಲಾದ ತಾರೀಖು, B ಒಳಗ ಬಾಕಿ, C ದಿನ, D ರೇಟು, E ಪ್ರಾಡಕ್ಟ್, F ಬಡ್ಡಿ ಇಟ್ಕೊಂಡೀನಿ:

```
C2: =A3-A2
E2: =MAX(B2,0)*C2
F2: =E2*D2/36500
```

ಡೆಬಿಟ್ ಬಾಕಿನ ಪ್ಲಸ್ ಆಗಿ ಹಾಕೀನಿ, ಹಂಗಾಗಿ ಕ್ರೆಡಿಟ್ ಬಿದ್ರ ಮೈನಸ್ ಬರತೈತಿ, `MAX` ಅದನ್ನ ಸೊನ್ನೆ ಮಾಡತೈತಿ. ಕಡೀಕ ಮುಂದಿನ ತಿಂಗಳ 1ನೇ ತಾರೀಖಿನ ಒಂದು ಖಾಲಿ ಲೈನ್ ಹಾಕಬೇಕು, ಇಲ್ಲಂದ್ರ ಕೊನೀ ಬಾಕಿಗೆ ದಿನ ಬರೂದಿಲ್ಲ. C ಕಾಲಮ್ ಕೂಡಿಸಿದ್ರ ತಿಂಗಳಿನ ದಿನಕ್ಕ ಕರೆಕ್ಟ್ ಹೊಂದಬೇಕು, 30 ಬರೂ ಕಡೆ 29 ಬಂದಿದ್ರ ಬಡ್ಡಿ ನೋಡಾಕ ಹೋಗಬ್ಯಾಡ್ರಿ, ಮೊದಲ ದಿನ ಸರಿ ಮಾಡ್ರಿ.

ಬಾಕಿ ತಗೊಳ್ಳೂದು ಬ್ಯಾಂಕ್ ಸ್ಟೇಟ್‌ಮೆಂಟಿಂದನ, ಟ್ಯಾಲಿಯೊಳಗಿನ ಬ್ಯಾಂಕ್ ಲೆಡ್ಜರ್‌ನಿಂದ ಅಲ್ಲ. ನಾವು ಚೆಕ್ ಬರದ ದಿನ ಟ್ಯಾಲಿ ಒಳಗ ಹಾಕಿರ್ತೀವಿ, ಪಾರ್ಟಿಯವ ಅದನ್ನ ನಾಲ್ಕು ದಿನ ಜೇಬಿನ್ಯಾಗ ಇಟ್ಕೊಂಡು ಆಮ್ಯಾಲ ತುಂಬತಾನ. ಬಡ್ಡಿ ಶುರುವಾಗೂದು ಬ್ಯಾಂಕಿನ್ಯಾಗ ರೊಕ್ಕ ಹೋದ ದಿನದಿಂದ.

ಈಗ 2025ರ ಜೂನ್ ತಿಂಗಳದ್ದು ನೋಡ್ರಿ, ಲೆಕ್ಕ ತಿಳೀಲಿ ಅಂತ ಮೊತ್ತ ದುಂಡಗ ಮಾಡೀನಿ. ನಮ್ಮ ರೇಟು ರೆಪೋ ಮ್ಯಾಲ 4 ಪರ್ಸೆಂಟ್. ಜೂನ್ 6ಕ್ಕ ರಿಸರ್ವ್ ಬ್ಯಾಂಕ್ ರೆಪೋನ 6ರಿಂದ 5.50ಕ್ಕ ಇಳಿಸಿತು, ನಮ್ಮ ಬ್ಯಾಂಕ್ ಅದನ್ನ ಜೂನ್ 15ರಿಂದ ಜಾರಿ ಅಂತ ತನ್ನ ವೆಬ್‌ಸೈಟಿನ್ಯಾಗ ಹಾಕಿತ್ತು. ಅಂದ್ರ 14ರ ತನಕ 10 ಪರ್ಸೆಂಟ್, 15ರಿಂದ 9.50. ರೇಟು ಬದಲಾದ ದಿನ ಬಾಕಿ ಬದಲಾಗದಿದ್ರೂ ಅಲ್ಲಿ ಲೈನ್ ಒಡೀಬೇಕು, 10.50 ಲಕ್ಷದ ಬಾಕಿನ ನಾ ಎರಡು ಲೈನ್ ಮಾಡಿದ್ದು ಅದಕ್ಕ:

| ತಾರೀಖು | ಬಾಕಿ (ರೂ.) | ದಿನ | ಪ್ರಾಡಕ್ಟ್ |
|---|---|---|---|
| ಜೂನ್ 1–3 | 8,40,000 | 3 | 25,20,000 |
| 4–9 | 12,00,000 | 6 | 72,00,000 |
| 10–14 | 10,50,000 | 5 | 52,50,000 |
| 15 | 10,50,000 | 1 | 10,50,000 |
| 16–23 | 8,50,000 | 8 | 68,00,000 |
| 24–30 | 12,50,000 | 7 | 87,50,000 |

ಮೊದಲ 14 ದಿನದ ಪ್ರಾಡಕ್ಟ್ 1,49,70,000, ಅದಕ್ಕ 10 ಪರ್ಸೆಂಟಿನಂಗ 4,101.37 ರೂಪಾಯಿ. ಉಳಿದ 16 ದಿನದ್ದು 1,66,00,000, ಅದಕ್ಕ 9.50ರಂಗ 4,320.55. ಎರಡೂ ಕೂಡಿ 8,421.92. ಬ್ಯಾಂಕ್ ಹಾಕಿದ್ದು 8,704. ಅಂದ್ರ 282 ರೂಪಾಯಿ ಫರಕ್.

282 ಅಂದ್ರ ಸಣ್ಣದ, ಖರೆ. ಆದ್ರ ಫರಕ್ ಎಷ್ಟು ಅನ್ನೂದಕ್ಕಿಂತ ಎಲ್ಲಿಂದ ಬಂತು ಅನ್ನೂದು ಮುಖ್ಯ, ಯಾಕಂದ್ರ ಕಾರಣ ಹಂಗ ಉಳದ್ರ ಮುಂದಿನ ತಿಂಗಳನೂ ಬರತೈತಿ, ಸೀಸನ್‌ನ್ಯಾಗ ಲಿಮಿಟ್ ತುಂಬಿದಾಗ ಇನ್ನೂ ಹೆಚ್ಚ ಬರತೈತಿ.

ಮೊದಲ ನೋಡೂದು ವ್ಯಾಲ್ಯೂ ಡೇಟ್. ಬ್ರ್ಯಾಂಚ್‌ನ್ಯಾಗ ಪ್ರಿಂಟ್ ಹೊಡೆದು ಕೊಡೂ ಸ್ಟೇಟ್‌ಮೆಂಟ್ ಒಳಗ ಒಂದ ತಾರೀಖು ಇತ್ತು, ಮ್ಯಾಲಿನ ಟೇಬಲ್ ಅದರದ್ದ. ನೆಟ್ ಬ್ಯಾಂಕಿಂಗ್‌ದಿಂದ ಡೌನ್‌ಲೋಡ್ ಮಾಡಿದ್ದರಾಗ ಎರಡು ತಾರೀಖಿನ ಕಾಲಮ್ ಇರ್ತಾವು, ಎಂಟ್ರಿ ಬಿದ್ದ ದಿನ ಒಂದು, ವ್ಯಾಲ್ಯೂ ಡೇಟ್ ಇನ್ನೊಂದು. ಬಡ್ಡಿ ನಡಿಯೂದು ವ್ಯಾಲ್ಯೂ ಡೇಟ್ ಮ್ಯಾಲ. ನಾ 16ಕ್ಕ ತುಂಬಿದ 2 ಲಕ್ಷದ ಚೆಕ್ಕಿನ ಎಂಟ್ರಿ 16ಕ್ಕ ಬಿದ್ದಿತ್ತು, ವ್ಯಾಲ್ಯೂ ಡೇಟ್ 17 ಇತ್ತು, ಕ್ಲಿಯರಿಂಗ್‌ನ್ಯಾಗ ರೊಕ್ಕ ಖರೇನ ಬಂದದ್ದು 17ಕ್ಕ. ಅಂದ್ರ ಬಡ್ಡಿ ಲೆಕ್ಕಕ್ಕ 16ನೇ ತಾರೀಖಿನ ಬಾಕಿ ಇನ್ನೂ 10.50 ಲಕ್ಷನ. 2 ಲಕ್ಷಕ್ಕ ಒಂದು ದಿನದ ಬಡ್ಡಿ 52.05, ಇದು ಬ್ಯಾಂಕಿನ ಹಕ್ಕು, ಇದಕ್ಕ ತಕರಾರು ಮಾಡಾಕ ಬರೂದಿಲ್ಲ. A ಕಾಲಮ್‌ನ್ಯಾಗ ವ್ಯಾಲ್ಯೂ ಡೇಟ್ ಹಾಕಿದ ಕೂಡ್ಲೆ ನನ್ನ ಲೆಕ್ಕ 8,473.97ಕ್ಕ ಬಂತು, ಫರಕ್ 230ಕ್ಕ ಇಳೀತು.

ಉಳಿದ 230 ಎಲ್ಲಿದ್ದು ಅಂತ ಕಣ್ಣಿಲೆ ಹುಡುಕಾಕ ಹೋಗೂದಿಲ್ಲ, ಲೆಕ್ಕಾನ ಉಲ್ಟಾ ಮಾಡ್ತೀನಿ. ಫರಕ್ಕನ್ನ 36500ರಿಂದ ಗುಣಿಸಿ ರೇಟಿನಿಂದ ಭಾಗಿಸಿದ್ರ ಎಷ್ಟು ಪ್ರಾಡಕ್ಟ್ ಹೆಚ್ಚಾಗೈತಿ ಅಂತ ಬರತೈತಿ. 230ಕ್ಕ 9.50ರಂಗ ಅದು ಸುಮಾರು 8.84 ಲಕ್ಷ. ಅಷ್ಟು ಮೊತ್ತದ ಎಂಟ್ರಿ ತಿಂಗಳಿನ್ಯಾಗ ಯಾವುದೂ ಇಲ್ಲ, ಅದರ ಅರ್ಧದ್ದು ಎರಡು ದಿನ ತಡ ಆದದ್ದೂ ಇಲ್ಲ. ಅಂದ್ರ ಇದು ತಾರೀಖಿನ ಫರಕ್ ಅಲ್ಲ. ಹಂಗಾದ್ರ ರೇಟಿನ ಮ್ಯಾಲ ಹಾಕಿ ನೋಡೂದು: ಇದ 230 × 36500ನ್ನ 15ರಿಂದ 30ರ ತನಕದ ಪ್ರಾಡಕ್ಟ್‌ನಿಂದ ಭಾಗಿಸಿದೆ, ವ್ಯಾಲ್ಯೂ ಡೇಟ್ ಪ್ರಕಾರ ಅದು ಈಗ 1,68,00,000. ಬಂದದ್ದು 0.4997. ಅರ್ಧ ಪರ್ಸೆಂಟ್! ಅಲ್ಲಿಗೆ ಗೊತ್ತಾತು, ಇಡೀ ತಿಂಗಳಿಗೆ 10ರಂಗನ ಹಾಕ್ಯಾರ, 15ಕ್ಕ ಇಳಿದ ರೇಟು ನನ್ನ ಅಕೌಂಟಿಗೆ ಬಂದೇ ಇಲ್ಲ. ಖಾತ್ರಿಗೆ ಪೂರಾ 3,17,70,000 ಪ್ರಾಡಕ್ಟ್‌ಗೆ 10 ಪರ್ಸೆಂಟ್ ಹಚ್ಚಿ ನೋಡಿದೆ, 8,704.11 ಬಂತು. ಬ್ಯಾಂಕ್ ರೂಪಾಯಿಗೆ ರೌಂಡ್ ಮಾಡಿದ್ರ ಅದ 8,704.

ಇಷ್ಟಾದ್ರೂ ಬ್ಯಾಂಕ್ ತಪ್ಪು ಅಂತ ಹೇಳೂ ಮೊದಲು ಸ್ಯಾಂಕ್ಷನ್ ಲೆಟರ್ ತಗದು ಓದಬೇಕು. ರೆಪೋಕ್ಕ ಕಟ್ಟಿದ ಸಾಲದಾಗ ರೇಟು ಕನಿಷ್ಠ ಮೂರು ತಿಂಗಳಿಗೊಮ್ಮೆ ರಿಸೆಟ್ ಆಗಬೇಕು ಅಂತ ರಿಸರ್ವ್ ಬ್ಯಾಂಕಿನ ನಿಯಮ ಐತಿ, ರೆಪೋ ಇಳಿದ ಮರುದಿನನ ಇಳಿಸಬೇಕು ಅಂತ ಇಲ್ಲ. ನಿಮ್ಮ ಲೆಟರ್ ಒಳಗ ಮೂರು ತಿಂಗಳಿಗೊಮ್ಮೆ ರಿಸೆಟ್, ಮುಂದಿನ ತಾರೀಖು ಜುಲೈ 1 ಅಂತಿದ್ರ ಜೂನ್ ಪೂರ್ತಿ 10 ಹಾಕಿದ್ದು ಬರೋಬರಿನ. ನಮ್ಮದರಾಗ ಬ್ಯಾಂಕ್ ತನ್ನ ರೇಟು ಬದಲು ಮಾಡಿದ ದಿನದಿಂದನ ಅನ್ವಯ ಅಂತ ಸ್ಪಷ್ಟ ಇತ್ತು.

ಕೌಂಟರಿನ್ಯಾಗ ಇದ್ದ ಹುಡುಗ "ಬಡ್ಡಿ ಸಿಸ್ಟಮ್ಮ ಹಾಕತೈತ್ರಿ ಕಾಕಾ, ಅದರಾಗ ತಪ್ಪಾಗೂದಿಲ್ಲ" ಅಂದ. ಸಿಸ್ಟಮ್ ಗುಣಾಕಾರ ತಪ್ಪೂದಿಲ್ಲ, ಅದು ನನಗೂ ಗೊತ್ತು, ಆದ್ರ ಅದಕ್ಕ ಕೊಟ್ಟ ರೇಟು ಯಾವುದು ಅನ್ನೂದ ಪ್ರಶ್ನೆ. "ತಮ್ಮಾ, ಬಡ್ಡಿ ಬಿಡು, ಈ ಅಕೌಂಟಿಗೆ ಜೂನ್ 15ರಿಂದ ಯಾವ ರೇಟು ಐತಿ ಅಷ್ಟ ತಗದು ತೋರಿಸು" ಅಂದೆ. ಸ್ಕ್ರೀನ್ ಮ್ಯಾಲ 10 ಇತ್ತು. ರಿನ್ಯೂವಲ್ ಟೈಮಿನ್ಯಾಗ ಯಾರೋ ರೇಟನ್ನ ಕೈಯಿಂದ ಫಿಕ್ಸ್ ಮಾಡಿಟ್ಟಿದ್ರಂತ, ಹಂಗಾಗಿ ಬ್ಯಾಂಕಿಂದು ಇಳಿದ್ರೂ ನಮ್ಮದು ಇಳಿದಿದ್ದಿಲ್ಲ.

ಇಂಥಾದಕ್ಕ ಅರ್ಜಿ ಕೊಡೂವಾಗ ಬಡ್ಡಿ ಹೆಚ್ಚಾಗೈತಿ ಅಂತ ಮೋಘಮ್ ಬರೀಬಾರದು. ನಾ ಒಂದು ಹಾಳಿ ಮ್ಯಾಲ ರೇಟು ಬದಲಾದ ತಾರೀಖು, ಆ 16 ದಿನದ ಪ್ರಾಡಕ್ಟ್, ಅದಕ್ಕ 0.50 ಪರ್ಸೆಂಟಿನಂಗ 230.14 ಅಂತ ಬರದು, ಸ್ಯಾಂಕ್ಷನ್ ಲೆಟರಿನ ಆ ಕಲಮಿಗೆ ಗೆರಿ ಹೊಡೆದು ಝೆರಾಕ್ಸ್ ಹಚ್ಚಿದೆ. ಚೆಕ್ಕಿನ 52 ರೂಪಾಯಿ ಅದರಾಗ ಸೇರಿಸಲಿಲ್ಲ. ಅದನ್ನೂ ಕೇಳಿದ್ರ ಅವರು ಅದೊಂದನ್ನ ಹಿಡ್ಕೊಂಡು ಇಡೀ ಅರ್ಜಿ ತಪ್ಪು ಅಂತಿದ್ರು. ಮ್ಯಾನೇಜರ್ ರೇಟು ಸರಿ ಮಾಡಿಸಿ 230 ವಾಪಸ್ ಹಾಕಿಸಿದ್ರು.

ಇನ್ನೊಂದು ಕಡೆ ಲಕ್ಷ್ಯ ಇಡ್ರಿ. ಬಡ್ಡಿ ಡೆಬಿಟ್ ಬಿದ್ದಮ್ಯಾಲ ಸ್ಟೇಟ್‌ಮೆಂಟಿನ್ಯಾಗ ಜೂನ್ 30ರ ಕಡೀ ಬ್ಯಾಲೆನ್ಸ್ 12,58,704 ಅಂತ ಕಾಣತೈತಿ. ನಮ್ಮ ಬ್ಯಾಂಕಿನ್ಯಾಗ 30ನೇ ದಿನದ ಲೆಕ್ಕಕ್ಕ ಹಿಡಿಯೂದು ಬಡ್ಡಿ ಬೀಳೂ ಮೊದಲಿನ 12,50,000ನ, ಬಡ್ಡಿ ಸೇರಿದ ಮೊತ್ತ ಜುಲೈ 1ರಿಂದ ಲೆಕ್ಕಕ್ಕ ಬರತೈತಿ. ಎರಡು ಮೂರು ರೂಪಾಯಿ ಫರಕ್ ಉಳೀತಂದ್ರ ಮೊದಲ ಇದನ್ನ ನೋಡ್ರಿ.

ಫರಕ್ಕನ್ನ ಉಲ್ಟಾ ಮಾಡಿದಾಗ 2 ಪರ್ಸೆಂಟಿನಂಗ ಏನರೆ ಬಂತಂದ್ರ ಸ್ಟಾಕ್ ಸ್ಟೇಟ್‌ಮೆಂಟ್ ತಡ ಆದದ್ದಕ್ಕೋ ಲಿಮಿಟ್ ದಾಟಿದ್ದಕ್ಕೋ ದಂಡ ಬಡ್ಡಿಯೊಳಗನ ಸೇರಿಸ್ಯಾರಂತ ಸಂಶಯ ಪಡಬೇಕು. 2023ರ ಆಗಸ್ಟಿನ ರಿಸರ್ವ್ ಬ್ಯಾಂಕ್ ಸುತ್ತೋಲೆ ಬಂದಮ್ಯಾಲ ದಂಡವನ್ನ ಬಡ್ಡಿ ರೇಟಿಗೆ ಕೂಡಿಸೂ ಹಂಗಿಲ್ಲ, ಪೀನಲ್ ಚಾರ್ಜ್ ಅಂತ ಬ್ಯಾರೇನ ತೋರಿಸಬೇಕು, ಆ ಚಾರ್ಜ್ ಮ್ಯಾಲ ಮತ್ತ ಬಡ್ಡಿ ಹಾಕಾಕೂ ಬರೂದಿಲ್ಲ. ಹಳೇ ಅಕೌಂಟುಗಳಿಗೂ ಇದು 2024ರ ಜೂನ್ 30ರೊಳಗ ಜಾರಿ ಆಗಬೇಕಿತ್ತು. ನಾ ಅದಕ್ಕಂತ ಶೀಟಿನ್ಯಾಗ ಒಂದು ಬ್ಯಾರೆ ಲೈನ್ ಇಟ್ಟೀನಿ, ಬಡ್ಡಿ ಕಾಲಮ್ ಜೋಡಿ ಕೂಡಿಸೂದಿಲ್ಲ.