ಆಫರ್ ಒಪ್ಪುವ ಮುಂಚೆ ಕಂಪನಿಯ ತಾರೀಖು ನೋಡುವುದು: ನನ್ನ ಅನುಭವ

ಲೇಆಫ್ ಸುದ್ದಿಯನ್ನು ನಾನು ಕೊನೆಗೆ ನೋಡುತ್ತೇನೆ. ಇದನ್ನು ಹೇಳಿದಾಗ ಜೊತೆಯವರು ಒಪ್ಪುತ್ತಿರಲಿಲ್ಲ. ಕೆಲಸ ಹೋಗುವುದೇ ಭಯವಾಗಿರುವಾಗ ಅದನ್ನೇ ಮೊದಲು ನೋಡಬೇಡವೇ ಅನ್ನುವುದು ಅವರ ವಾದ. ಆದರೆ ಲೇಆಫ್ ಸುದ್ದಿ ಪೇಪರಿಗೆ ಬರುವ ಹೊತ್ತಿಗೆ ಕಂಪನಿಯ ಲೆಕ್ಕ ಕೆಟ್ಟು ತಿಂಗಳುಗಳೇ ಆಗಿರುತ್ತವೆ. ಲೆಕ್ಕ ಕೆಟ್ಟಿದ್ದು ಮೊದಲು ಕಾಣುವುದು ಕಂಪನಿ ತನ್ನ ಲೆಕ್ಕಪತ್ರ ಸಲ್ಲಿಸಿದ ತಾರೀಖಿನಲ್ಲಿ. ಅಂದು ವಾದ ಮಾಡಿದವರೇ ಈಗ ಆಫರ್ ಕೈಗೆ ಬಂದ ದಿನವೇ ಕಂಪನಿಯ ಹೆಸರು ಕಳಿಸಿ "ಸ್ವಲ್ಪ ನೋಡಿ ಹೇಳಿ" ಅನ್ನುತ್ತಾರೆ.

ನಮ್ಮ ಬೆಂಗಳೂರಿನದೇ ಆನ್‌ಲೈನ್ ಪಾಠದ ಕಂಪನಿ ಬೈಜೂಸ್ ಉದಾಹರಣೆ ತೆಗೆದುಕೊಳ್ಳೋಣ. ದಾಖಲೆಯಲ್ಲಿ ಅದರ ಹೆಸರು ಥಿಂಕ್ ಅಂಡ್ ಲರ್ನ್ ಪ್ರೈವೇಟ್ ಲಿಮಿಟೆಡ್. ಕಂಪನಿ ವ್ಯವಹಾರಗಳ ಸಚಿವಾಲಯದ ಎಂಸಿಎ ಪೋರ್ಟಲ್‌ನಲ್ಲಿ ಹುಡುಕುವಾಗ ಈ ಹೆಸರೇ ಬೇಕು, ಬ್ರ್ಯಾಂಡ್ ಹೆಸರು ಹಾಕಿದರೆ ಬೇರೆ ಯಾವುದೋ ಕಂಪನಿ ಎದುರಿಗೆ ಬರಬಹುದು. ಆಫರ್ ಲೆಟರಿನ ಕೆಳಗೆ ಸಣ್ಣ ಅಕ್ಷರದಲ್ಲಿ ಕಂಪನಿಯ ನೋಂದಣಿ ಸಂಖ್ಯೆಯಾದ ಸಿಐಎನ್ ಇದ್ದರೆ ಅದನ್ನೇ ಹಾಕಿ.

2022ರ ಏಪ್ರಿಲ್‌ನಲ್ಲಿ ಒಬ್ಬರಿಗೆ ಅಲ್ಲಿಂದ ಆಫರ್ ಬಂದಿದೆ ಎಂದುಕೊಳ್ಳಿ. ಹೊರಗಿನಿಂದ ಎಲ್ಲವೂ ಗಟ್ಟಿ. ಭಾರತ ಕ್ರಿಕೆಟ್ ತಂಡದ ಜೆರ್ಸಿ ಮೇಲೆ ಹೆಸರಿದೆ, ಫುಟ್‌ಬಾಲ್ ವಿಶ್ವಕಪ್ಪಿನ ಪ್ರಾಯೋಜಕತ್ವ ಸಿಕ್ಕಿದೆ, ಮೌಲ್ಯ 2,200 ಕೋಟಿ ಡಾಲರ್ ಎಂದು ಸುದ್ದಿಯಾಗಿದೆ. ಲೇಆಫ್ ಇನ್ನೂ ಇಲ್ಲ. ಆದರೆ 2021ರ ಮಾರ್ಚ್‌ಗೆ ಮುಗಿದ ವರ್ಷದ ಲೆಕ್ಕ ಇನ್ನೂ ಬಂದಿಲ್ಲ. ಕೋವಿಡ್ ಕಾರಣಕ್ಕೆ ಆ ವರ್ಷ ವಾರ್ಷಿಕ ಸಭೆಗೆ ಎರಡು ತಿಂಗಳು ಹೆಚ್ಚು ಕೊಟ್ಟಿದ್ದರು, ಆ ಗಡುವೂ ನವೆಂಬರಿಗೇ ಮುಗಿದಿತ್ತು. ಎಂಸಿಎ ಪೋರ್ಟಲ್‌ನ ಮಾಸ್ಟರ್ ಡೇಟಾದಲ್ಲಿ ಕೊನೆಯ ಬ್ಯಾಲೆನ್ಸ್ ಶೀಟ್ ಯಾವ ದಿನದ್ದು ಎಂಬ ಒಂದು ಸಾಲು ಇರುತ್ತದೆ, ದುಡ್ಡಿಲ್ಲದೆ ಕಾಣುತ್ತದೆ. ನಾನು ಮೊದಲು ನೋಡುವುದು ಆ ಸಾಲನ್ನೇ.

ಲೆಕ್ಕ ಕೊನೆಗೂ ಬಂದಿದ್ದು ಸೆಪ್ಟೆಂಬರಿನಲ್ಲಿ, ನಷ್ಟ ಸುಮಾರು 4,580 ಕೋಟಿ ರೂಪಾಯಿ. ಹಿಂದಿನ ವರ್ಷ ಅದು 230 ಕೋಟಿ ಆಸುಪಾಸಿನಲ್ಲಿತ್ತು. ಮುಂದಿನ ತಿಂಗಳೇ 2,500 ಜನರನ್ನು ತೆಗೆಯುವ ಸುದ್ದಿ ಬಂತು. ಏಪ್ರಿಲ್‌ನಲ್ಲಿ ತಾರೀಖು ನೋಡಿದವರಿಗೆ ಈ ಅಂಕಿ ಗೊತ್ತಾಗುತ್ತಿರಲಿಲ್ಲ, ಆದರೆ ಏನೋ ಸಿಕ್ಕಿಹಾಕಿಕೊಂಡಿದೆ ಎಂಬುದು ಗೊತ್ತಾಗುತ್ತಿತ್ತು. ಅಷ್ಟು ಸಾಕು. ಲೆಕ್ಕ ತಡವಾಗುವುದಕ್ಕೆ ಸಾಮಾನ್ಯ ಕಾರಣ ಆಡಿಟರ್ ಮತ್ತು ಆಡಳಿತದ ನಡುವೆ ಒಪ್ಪಿಗೆಯಾಗದಿರುವುದು. ಇಲ್ಲೂ ಕೋರ್ಸಿನ ಆದಾಯವನ್ನು ಮಾರಾಟವಾದ ದಿನವೇ ತೋರಿಸಬೇಕೋ, ಕೋರ್ಸಿನ ಅವಧಿಗೆ ಹಂಚಬೇಕೋ ಎಂಬಲ್ಲಿ ಲೆಕ್ಕ ಬದಲಾಗಿ ಆದಾಯದ ದೊಡ್ಡ ಪಾಲು ಮುಂದಿನ ವರ್ಷಗಳಿಗೆ ಹೋಯಿತು.

ತಾರೀಖು ಅನುಮಾನ ಹುಟ್ಟಿಸಿದರೆ ಮಾತ್ರ ದುಡ್ಡು ಖರ್ಚು ಮಾಡಿ. ಅದೇ ಎಂಸಿಎ ಪೋರ್ಟಲ್‌ನ `View Public Documents`ಗೆ ಒಂದು ಕಂಪನಿಗೆ 100 ರೂಪಾಯಿ. ಕೆಲವು ಗಂಟೆಯಷ್ಟೇ ತೆರೆದಿರುತ್ತದೆ, ಬೇಕಾದ್ದನ್ನೆಲ್ಲ ಆಗಲೇ ಇಳಿಸಿಕೊಳ್ಳಿ. `AOC-4` ಲೆಕ್ಕಪತ್ರ, `ADT-3` ಆಡಿಟರ್ ರಾಜೀನಾಮೆ, `DIR-12` ನಿರ್ದೇಶಕರ ಬದಲಾವಣೆ, `PAS-3` ಹೊಸ ಷೇರು ಹಂಚಿಕೆ. ಕೊನೆಯದನ್ನು ಎಲ್ಲರೂ ಬಿಡುತ್ತಾರೆ. ಫಂಡಿಂಗ್ ಸುದ್ದಿ ಬಂದಷ್ಟಕ್ಕೆ ದುಡ್ಡು ಬಂದಂತಲ್ಲ. ಷೇರು ಹಂಚಿದ ಮೇಲೆ `PAS-3` ಹಾಕಲೇಬೇಕು. 2022ರ ಮಾರ್ಚ್‌ನಲ್ಲಿ ಬೈಜೂಸ್ ಘೋಷಿಸಿದ 80 ಕೋಟಿ ಡಾಲರ್ ಸುತ್ತಿನಲ್ಲಿ ಇಬ್ಬರು ಹೂಡಿಕೆದಾರರ ದುಡ್ಡು ತಲುಪಿಲ್ಲ ಎಂದು ಆ ಜುಲೈನಲ್ಲಿ ವರದಿಯಾಯಿತು. ಸಾಲಕ್ಕೆ ಕಂಪನಿಯ ಆಸ್ತಿ ಒತ್ತೆಯಿಟ್ಟ ಚಾರ್ಜ್ ದಾಖಲೆ ಓದುವ ನನ್ನದೇ ಒಂದು ರೀತಿ ಇದೆ. ಅದನ್ನು ಇಲ್ಲಿ ಬರೆಯುವುದಿಲ್ಲ, ಎಲ್ಲರಿಗೂ ತಿಳಿದರೆ ಅದರ ಉಪಯೋಗ ಹೋಗುತ್ತದೆ.

ಇನ್ನು ಬಿಟ್ಟುಹೋಗುವವರ ವಿಚಾರ. ಯಾರು ಹೋದರು ಎನ್ನುವುದಕ್ಕಿಂತ ಯಾರ ಜೊತೆ ಹೋದರು, ಜಾಗಕ್ಕೆ ಯಾರು ಬಂದರು ಎನ್ನುವುದು ಮುಖ್ಯ. 2023ರ ಡಿಸೆಂಬರಿನಲ್ಲಿ ಇನ್ಫೋಸಿಸ್‌ನ ಹಣಕಾಸು ಮುಖ್ಯಸ್ಥ, ಅಂದರೆ ಸಿಎಫ್‌ಒ, ರಾಜೀನಾಮೆ ಕೊಟ್ಟಾಗ ನನ್ನ ಹತ್ತಿರ ಬಂದ ಪ್ರಶ್ನೆಗಳಿಗೆ ಲೆಕ್ಕವಿಲ್ಲ. ಆದರೆ ಉತ್ತರಾಧಿಕಾರಿಯ ಹೆಸರು ಅದೇ ಘೋಷಣೆಯಲ್ಲಿತ್ತು, ಹಳಬರು ಮಾರ್ಚ್ ಕೊನೆಯವರೆಗೆ ಇರುತ್ತಾರೆ ಎಂದಿತ್ತು, ಜನವರಿಯ ತ್ರೈಮಾಸಿಕ ಫಲಿತಾಂಶ ಎಂದಿನಂತೆ ಬಂತು. ಅಂಥದ್ದಕ್ಕೆ ಹೆದರಬೇಕಾಗಿಲ್ಲ. ಬೈಜೂಸ್‌ನಲ್ಲಿ 2023ರ ಜೂನ್‌ನಲ್ಲಿ ಆಡಿಟರ್ ಡೆಲಾಯ್ಟ್ ಅವಧಿ ಮುಗಿಯುವ ಮೊದಲೇ ಹೊರಬಂತು. ಲೆಕ್ಕಪತ್ರ ತಡವಾಗಿ ಆಡಿಟ್ ಶುರುಮಾಡಲೇ ಆಗಿಲ್ಲ ಎಂಬುದು ಕಾರಣ. ಅದೇ ಹೊತ್ತಿಗೆ ಹೂಡಿಕೆದಾರರ ಕಡೆಯ ಮೂವರು ನಿರ್ದೇಶಕರೂ ಹೋದರು, ಮಂಡಳಿಯಲ್ಲಿ ಉಳಿದ ಮೂವರೂ ಒಂದೇ ಕುಟುಂಬದವರು. ಏಪ್ರಿಲ್‌ನಲ್ಲಿ ಬಂದಿದ್ದ ಸಿಎಫ್‌ಒ ಅಕ್ಟೋಬರಿಗೆ ಹೊರಟರು. ನನ್ನ ಪ್ರಕಾರ ಆಡಿಟರ್ ಮತ್ತು ಸಿಎಫ್‌ಒ ಒಂದೇ ವರ್ಷದೊಳಗೆ ಹೋದರೆ ಸಂಬಳ ಎಷ್ಟೇ ಹೆಚ್ಚಿರಲಿ ಸಹಿ ಹಾಕಬಾರದು. ಬೈಜೂಸ್ ಮೇಲೆ ದಿವಾಳಿ ಪ್ರಕ್ರಿಯೆ ಶುರುವಾಗಿದ್ದು 2024ರ ಜುಲೈನಲ್ಲಿ, ಅಂದರೆ ಆಡಿಟರ್ ಹೋಗಿ ಒಂದು ವರ್ಷದ ಮೇಲೆ.

ಲಿಸ್ಟ್ ಆದ ಕಂಪನಿಯಾದರೆ ಕೆಲಸ ಸುಲಭ. ಫಲಿತಾಂಶಕ್ಕೆ ತ್ರೈಮಾಸಿಕ ಮುಗಿದ ಮೇಲೆ 45 ದಿನ, ವರ್ಷದ್ದಕ್ಕೆ 60 ದಿನ ಗಡುವು. ಸಿಎಫ್‌ಒನಂಥ ಹುದ್ದೆಯವರ ರಾಜೀನಾಮೆ ಪತ್ರವೇ ಷೇರುಪೇಟೆಯ ಜಾಲತಾಣದಲ್ಲಿ ಸಿಗುತ್ತದೆ, ಪೇಪರಿನ ಸುದ್ದಿ ಬಿಟ್ಟು ಆ ಪತ್ರ ಓದಿ. ಫಲಿತಾಂಶದಲ್ಲಿ ನಾನು ಲಾಭ ನೋಡುವುದಿಲ್ಲ. ವ್ಯವಹಾರದಿಂದ ಬಂದ ನಗದು ಲಾಭಕ್ಕಿಂತ ಬಹಳ ಕಡಿಮೆಯಾಗಿ, ಗ್ರಾಹಕರಿಂದ ಬರಬೇಕಾದ ಬಾಕಿ ಎರಡು ವರ್ಷ ಆದಾಯಕ್ಕಿಂತ ಜೋರಾಗಿ ಬೆಳೆದಿದ್ದರೆ ಸಂಬಳ ತಡವಾಗುವ ದಿನ ದೂರವಿಲ್ಲ.

ಇದರ ಜೊತೆಗೆ ಇನ್ನೊಂದು ಪ್ರಯೋಗವನ್ನೂ ನಡೆಸಿಕೊಂಡು ಬಂದಿದ್ದೇನೆ. ನಮ್ಮಲ್ಲಿ ರಾಜೀನಾಮೆ ಬರೆಸಿಕೊಂಡು ಕಳಿಸುವುದೇ ಹೆಚ್ಚು, ಅದು ಲೇಆಫ್ ಪಟ್ಟಿಗೆ ಸೇರುವುದೇ ಇಲ್ಲ, ಪಿಎಫ್ ಲೆಕ್ಕದಲ್ಲಿ ಮಾತ್ರ ಕಾಣಬಹುದು. ಪಿಎಫ್ ಇಲಾಖೆಯ `Establishment Search`ನಲ್ಲಿ ಕಂಪನಿ ಹುಡುಕಿ `View Payment Details` ಒತ್ತಿದರೆ ತಿಂಗಳು ತಿಂಗಳು ಎಷ್ಟು ಜನರಿಗೆ, ಯಾವ ದಿನ ಪಿಎಫ್ ಕಟ್ಟಿದ್ದಾರೆ ಎಂದು ಬರುತ್ತದೆ. ಗಡುವು ಮುಂದಿನ ತಿಂಗಳ 15. ಒಂದೆರಡು ದಿನ ಹಿಂದೆಮುಂದೆ ಆದರೆ ಬಿಡಿ, ಮೂರು ತಿಂಗಳ ಬಾಕಿ ಒಂದೇ ದಿನ ಕಟ್ಟಿದ್ದು ಕಂಡರೆ ನಗದಿಗೆ ತತ್ವಾರವಾಗಿದೆ ಎಂದೇ ಅರ್ಥ. ಜನರ ಸಂಖ್ಯೆ ಮಾತ್ರ ಮೋಸ ಮಾಡುತ್ತದೆ. ಒಂದು ಕಂಪನಿಗೆ ಹಲವು ಪಿಎಫ್ ಕೋಡ್ ಇರಬಹುದು, ಗುತ್ತಿಗೆಯವರು ಬೇರೆ ಕೋಡಿನಲ್ಲಿರುತ್ತಾರೆ, ಕೆಲವು ದೊಡ್ಡ ಕಂಪನಿಗಳಿಗೆ ಸ್ವಂತ ಪಿಎಫ್ ಟ್ರಸ್ಟ್ ಇರುತ್ತದೆ. ಅದಕ್ಕೇ ನಾನು ಸಂಖ್ಯೆಯನ್ನು ನಂಬದೆ ಒಂದೇ ಕೋಡಿನಲ್ಲಿ ಅದು ಇಳಿಯುತ್ತಿದೆಯೇ ಎಂದಷ್ಟೇ ನೋಡುತ್ತೇನೆ.

ಈ ಇಡೀ ಕ್ರಮ ಕೆಲಸ ಮಾಡದ ಜಾಗ ಒಂದಿದೆ. ಔಟರ್ ರಿಂಗ್ ರೋಡಿನ ಉದ್ದಕ್ಕೂ ಇರುವ ಅಮೆರಿಕನ್ ಕಂಪನಿಗಳ ಇಲ್ಲಿನ ಶಾಖೆಗಳು ಅವು. ಮಾತೃಸಂಸ್ಥೆ ಖರ್ಚಿನ ಮೇಲೆ ಇಷ್ಟು ಶೇಕಡಾ ಸೇರಿಸಿ ಕೊಡುವುದರಿಂದ ಇಲ್ಲಿನ ಲೆಕ್ಕದಲ್ಲಿ ಪ್ರತಿ ವರ್ಷ ಲಾಭವೇ ಕಾಣುತ್ತದೆ, ಮುಚ್ಚುವ ವರ್ಷದಲ್ಲೂ ಹಾಗೆಯೇ ಕಾಣಬಹುದು. ಅಲ್ಲಿ ದಾಖಲೆಗೆ ಕೊಟ್ಟ 100 ರೂಪಾಯಿ ವ್ಯರ್ಥ. ಮಾತೃಸಂಸ್ಥೆ ಅಮೆರಿಕದ ಷೇರುಪೇಟೆಯಲ್ಲಿದ್ದರೆ ಅಲ್ಲಿನ ಷೇರುಪೇಟೆ ನಿಯಂತ್ರಕ ಎಸ್ಇಸಿಯ ಎಡ್ಗರ್ ತಾಣದಲ್ಲಿ ಕಂಪನಿಯ ಮುಖ್ಯ ಘಟನೆಗಳನ್ನು ತಿಳಿಸುವ `8-K`ಗಳನ್ನು ತೆಗೆಯಿರಿ. `Item 2.05` ಮರುರಚನೆಯ ಖರ್ಚು, ಲೇಆಫ್ ಹೆಚ್ಚಾಗಿ ಅದರಲ್ಲೇ ಇರುತ್ತದೆ. `Item 4.01` ಆಡಿಟರ್ ಬದಲಾವಣೆ, `Item 5.02` ಮೇಲಿನವರ ನಿರ್ಗಮನ. ಸಾಮಾನ್ಯವಾಗಿ ನಾಲ್ಕು ಕೆಲಸದ ದಿನದೊಳಗೆ ಬರಬೇಕು. ಮಾತೃಸಂಸ್ಥೆ ಲಿಸ್ಟ್ ಆಗಿಲ್ಲದಿದ್ದರೆ ಹೊರಗಿನಿಂದ ಪರೀಕ್ಷಿಸುವ ದಾರಿ ಬಹಳ ಕಡಿಮೆ. ಅಂಥ ಕಡೆ ನೋಟಿಸ್ ಪೀರಿಯಡ್ ಎಷ್ಟು, ತೆಗೆದರೆ ಎಷ್ಟು ತಿಂಗಳ ಸಂಬಳ ಎಂಬುದನ್ನು ಆಫರ್ ಲೆಟರಿನಲ್ಲೇ ಬರೆಸಿಕೊಳ್ಳಿ, ಎಚ್‌ಆರ್ ಬಾಯಿಮಾತಿನಲ್ಲಿ ಹೇಳಿದ್ದನ್ನು ಲೆಕ್ಕಕ್ಕೆ ಹಿಡಿಯಬೇಡಿ.