ಇನ್ನೂರೈವತ್ತು ಪುಟದ ಥೀಸಿಸ್ ಆರು ಪುಟಕ್ಕೆ ಇಳಿಯುವ ಬಗೆ

ಗೈಡ್ ಮುಂದಿನ ವಾರ ಬರಹೇಳಿದ್ದಾರೆ, ಬರುವಾಗ ಅಧ್ಯಾಯವಾರು ಸಾರಾಂಶ ತನ್ನಿ ಅಂದಿದ್ದಾರೆ. ಬಳ್ಳಾರಿಯಲ್ಲೋ ರಾಯಚೂರಿನಲ್ಲೋ ಪಿಎಚ್‌ಡಿ ಕೊನೆಯ ಹಂತದಲ್ಲಿರುವವರಿಗೆ ಈ ಮಾತು ಹೊಸದಲ್ಲ. ಹೆಚ್ಚಿನವರು ಮಾಡುವುದು ಒಂದೇ ಕೆಲಸ: ಪ್ರತಿ ಅಧ್ಯಾಯದ ಮೊದಲ ಪುಟದಿಂದ ಎರಡು ಪ್ಯಾರಾ, ಕೊನೆಯ ಪುಟದಿಂದ ಒಂದು ಪ್ಯಾರಾ ಎತ್ತಿ ಜೋಡಿಸುವುದು. ಹಾಗೆ ಮಾಡಿದ ಸಾರಾಂಶದಲ್ಲಿ ಪೀಠಿಕೆ ಇರುತ್ತದೆ, ಸಂಶೋಧನೆ ಇರುವುದಿಲ್ಲ. ಏಕೆಂದರೆ ಅಧ್ಯಾಯದ ತಿರುಳು ಸಾಮಾನ್ಯವಾಗಿ ನಡುವಿನ ಕೋಷ್ಟಕಗಳ ಅಕ್ಕಪಕ್ಕದಲ್ಲಿ ಎಲ್ಲೋ ಹೂತಿರುತ್ತದೆ.

ಇಲ್ಲಿ ಒಂದು ಉದಾಹರಣೆ ಇಟ್ಟುಕೊಂಡು ಕೆಲಸ ಮಾಡೋಣ. ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆ ಭಾಗದ ರೈತರಿಗೆ ನೀರು ಹೇಗೆ ಸಿಗುತ್ತದೆ, ಅದರಿಂದ ಅವರ ಬೆಳೆ ಆಯ್ಕೆ ಹೇಗೆ ಬದಲಾಗುತ್ತದೆ ಎಂಬ ವಿಷಯದ ಮೇಲೆ ಒಂದು ಥೀಸಿಸ್ ಇದೆ ಎಂದುಕೊಳ್ಳಿ. ಈ ಕಾಲುವೆಯ ಅಚ್ಚುಕಟ್ಟಿನಲ್ಲಿ ಬಹುಪಾಲು ಜಮೀನನ್ನು ಜೋಳ, ಹತ್ತಿಯಂಥ ಕಡಿಮೆ ನೀರಿನ ಬೆಳೆಗೆಂದು ಗೊತ್ತುಮಾಡಲಾಗಿತ್ತು. ಮೇಲ್ಭಾಗದಲ್ಲಿ ಭತ್ತ ಹಬ್ಬಿತು, ಕೆಳಗೆ ಮಾನ್ವಿ, ರಾಯಚೂರು ಕಡೆಯವರಿಗೆ ನೀರು ತಲುಪುವುದೇ ಜಗಳದ ವಿಷಯವಾಯಿತು. ಇಷ್ಟು ಹಿನ್ನೆಲೆ ನಿಜ. ಮುಂದೆ ಬರುವ ಅಂಕಿಗಳು ಮಾತ್ರ ಉದಾಹರಣೆಗೆಂದು ಕಟ್ಟಿಕೊಂಡವು. ಥೀಸಿಸ್‌ನಲ್ಲಿ ಆರು ಅಧ್ಯಾಯ: ಪ್ರಸ್ತಾವನೆ, ಪೂರ್ವ ಅಧ್ಯಯನಗಳ ಸಮೀಕ್ಷೆ, ಪ್ರದೇಶ ಮತ್ತು ವಿಧಾನ, ನೀರಿನ ಹಂಚಿಕೆ, ಬೆಳೆ ಮತ್ತು ಸಾಲ, ಉಪಸಂಹಾರ.

ಮೊದಲು ಅಂಚಿನ ಸಾಲು

ಬರೆಯಲು ಕೂರುವ ಮುನ್ನ ಅಧ್ಯಾಯದ ಪ್ರಿಂಟ್ ತೆಗೆಯಿರಿ. ಪರದೆಯ ಮೇಲೆ ಈ ಕೆಲಸ ನೆಟ್ಟಗೆ ಆಗುವುದಿಲ್ಲ. ಪ್ರತಿ ಪ್ಯಾರಾದ ಪಕ್ಕ, ಅಂಚಿನಲ್ಲಿ, ಪೆನ್ಸಿಲ್‌ನಿಂದ ಒಂದೇ ಸಾಲು ಬರೆಯಿರಿ. ಆ ಪ್ಯಾರಾ ಯಾವುದರ ಬಗ್ಗೆ ಇದೆ ಎಂದಲ್ಲ, ಅದು ಏನು ಹೇಳುತ್ತದೆ ಎಂದು. ‘ನೀರು ಬಳಕೆದಾರರ ಸಂಘಗಳು’ ಎಂದು ಬರೆದರೆ ಅದು ಬರೀ ಶೀರ್ಷಿಕೆ. ‘ಸಂಘ ಇರುವ ಕಡೆಯೂ ತೂಬಿನ ಸರದಿ ತಪ್ಪಿದೆ’ ಎಂದು ಬರೆದರೆ ಅದು ಮಾತು.

ನಲವತ್ತು ಪುಟದ ಅಧ್ಯಾಯದಲ್ಲಿ ಸುಮಾರು ನೂರು ಪ್ಯಾರಾ ಸಿಗುತ್ತವೆ. ಒಂದು ಮಧ್ಯಾಹ್ನದ ಕೆಲಸ. ಮುಗಿದ ಮೇಲೆ ಆ ಸಾಲುಗಳನ್ನಷ್ಟೇ ಓದಿ. ಒಂದೇ ಮಾತು ಮೂರು ಕಡೆ ಬಂದಿದ್ದರೆ ಒಂದಕ್ಕೆ ಇಳಿಸಿ. ಎಷ್ಟು ಪ್ರಯತ್ನಿಸಿದರೂ ಸಾಲು ಬರೆಯಲಾಗದ ಪ್ಯಾರಾಗಳಿಗೆ ಸುತ್ತು ಹಾಕಿ. ಅವು ಸಾಮಾನ್ಯವಾಗಿ ಬೇರೆ ಪುಸ್ತಕಗಳಿಂದ ಇಳಿದುಬಂದ ವಿವರಣೆಗಳು, ಸಾರಾಂಶಕ್ಕೆ ಬೇಡ. ಥೀಸಿಸ್‌ನಲ್ಲಾದರೂ ಬೇಕೇ ಎಂದು ಆಮೇಲೆ ಯೋಚಿಸಬಹುದು. ಹೀಗೆ ಸೋಸಿದಾಗ ಒಂದು ಅಧ್ಯಾಯಕ್ಕೆ ಐದಾರು ಸಾಲು ಉಳಿಯಬೇಕು. ಹದಿನೈದು ಉಳಿದರೆ ಆ ಅಧ್ಯಾಯ ಎರಡು ಕೆಲಸ ಒಟ್ಟಿಗೆ ಮಾಡುತ್ತಿದೆ ಎಂದರ್ಥ, ಅದನ್ನು ಗೈಡ್ ಹತ್ತಿರ ಹೇಳಬೇಕು.

ಒಂದನೇ ಅಧ್ಯಾಯದಿಂದ ಶುರುಮಾಡಬೇಡಿ. ನಾಲ್ಕು ಮತ್ತು ಐದು, ಅಂದರೆ ಫಲಿತಾಂಶ ಇರುವ ಅಧ್ಯಾಯಗಳನ್ನು ಮೊದಲು ಮುಗಿಸಿ. ಆಮೇಲೆ ಮೂರು, ಎರಡು, ಒಂದು. ಫಲಿತಾಂಶ ಕೈಯಲ್ಲಿದ್ದರೆ ಸಮೀಕ್ಷೆಯ ಅಧ್ಯಾಯದಲ್ಲಿ ಯಾವ ನಾಲ್ಕು ಅಧ್ಯಯನಗಳನ್ನು ಹೆಸರಿಸಬೇಕು, ಯಾವ ಅರವತ್ತನ್ನು ಬಿಡಬೇಕು ಎಂಬುದು ತಾನಾಗಿ ಗೊತ್ತಾಗುತ್ತದೆ. ಪ್ರಸ್ತಾವನೆ ಬರೆದದ್ದು ಮೂರ್ನಾಲ್ಕು ವರ್ಷದ ಹಿಂದೆ. ಅಲ್ಲಿ ಕೊಟ್ಟ ಮಾತುಗಳೆಲ್ಲ ಈಗ ಥೀಸಿಸ್‌ನಲ್ಲಿ ಉಳಿದಿರುವುದಿಲ್ಲ.

ಚರ್ಚಿಸಲಾಗಿದೆ, ವಿಶ್ಲೇಷಿಸಲಾಗಿದೆ

ನಾಲ್ಕನೇ ಅಧ್ಯಾಯದ ಸಾರಾಂಶವನ್ನು ಹೆಚ್ಚಿನವರು ಹೀಗೆ ಬರೆಯುತ್ತಾರೆ:

‘ಈ ಅಧ್ಯಾಯದಲ್ಲಿ ಎಡದಂಡೆ ಕಾಲುವೆಯ ನೀರು ಹಂಚಿಕೆಯ ಸ್ವರೂಪವನ್ನು ವಿವರಿಸಲಾಗಿದೆ. ಮೇಲ್ಭಾಗ ಹಾಗೂ ಕೊನೆ ಭಾಗದ ರೈತರ ಸಮಸ್ಯೆಗಳನ್ನು ವಿಶ್ಲೇಷಿಸಲಾಗಿದೆ. ನೀರು ಬಳಕೆದಾರರ ಸಂಘಗಳ ಪಾತ್ರವನ್ನು ಚರ್ಚಿಸಲಾಗಿದೆ.’

ವ್ಯಾಕರಣದಲ್ಲಿ ತಪ್ಪಿಲ್ಲ. ಆದರೆ ಥೀಸಿಸ್ ಓದದವರೂ ಬರೀ ಪರಿವಿಡಿ ನೋಡಿ ಈ ಮೂರು ವಾಕ್ಯ ಬರೆಯಬಲ್ಲರು. ಪರೀಕ್ಷೆ ಇಷ್ಟೇ: ಪರಿವಿಡಿ ನೋಡಿ ಬರೆಯಬಹುದಾದ ವಾಕ್ಯವನ್ನು ಹೊಡೆದುಹಾಕಿ. ಅದರ ಜಾಗಕ್ಕೆ ಐದು ಉತ್ತರ ಬರಬೇಕು. ಈ ಅಧ್ಯಾಯದ ಪ್ರಶ್ನೆ ಏನು, ಯಾವ ಆಧಾರದಿಂದ ನೋಡಿದ್ದು, ಸಿಕ್ಕಿದ್ದೇನು, ಹೇಳಲಾಗದ್ದು ಏನು, ಇಲ್ಲಿಂದ ಮುಂದಿನ ಅಧ್ಯಾಯಕ್ಕೆ ಏನು ಹೋಗುತ್ತದೆ. ಅದೇ ಅಧ್ಯಾಯ ಈಗ ಹೀಗಾಗುತ್ತದೆ:

‘ಒಂದೇ ವಿತರಣಾ ಕಾಲುವೆಯ ಮೇಲಿನ ತೂಬುಗಳಿಗೂ ಕೊನೆಯ ತೂಬುಗಳಿಗೂ ನೀರು ಸಿಗುವ ದಿನಗಳಲ್ಲಿ ಎಷ್ಟು ಅಂತರವಿದೆ, ಅದು ಎಲ್ಲಿಂದ ಶುರುವಾಗುತ್ತದೆ ಎಂಬುದು ಇಲ್ಲಿನ ಪ್ರಶ್ನೆ. ಮೇಲೆ 90, ಕೆಳಗೆ 90, ಒಟ್ಟು 180 ಕುಟುಂಬಗಳ ಸಂದರ್ಶನವನ್ನು 2 ಮುಂಗಾರು ಹಂಗಾಮಿನ ಗೇಜ್ ದಾಖಲೆಗಳೊಂದಿಗೆ ಹೋಲಿಸಿದೆ. ಸರದಿಯಂತೆ 10 ದಿನ ಬರಬೇಕಾದ ನೀರು ಮೇಲಿನ ತೂಬುಗಳಿಗೆ ಸರಾಸರಿ 9 ದಿನ, ಕೊನೆಯವಕ್ಕೆ 4 ದಿನ ಬಂದಿದೆ (ಕೋಷ್ಟಕ 4.3, ಪುಟ 128). ಕಡಿಮೆ ನೀರಿನ ಬೆಳೆಗೆ ಗೊತ್ತಾದ ಜಮೀನಿನಲ್ಲಿ ಭತ್ತ ಹಾಕಿದ ತೂಬುಗಳ ಕೆಳಗೆ ಕೊರತೆ ಹೆಚ್ಚು ಕಾಣುತ್ತದೆ. ಕಾಲುವೆಯ ಹೂಳಿನಿಂದ ಎಷ್ಟು ಕೊರತೆ ಎಂಬುದನ್ನು ಈ ಮಾಹಿತಿಯಿಂದ ಬೇರ್ಪಡಿಸಲಾಗಿಲ್ಲ. 4 ದಿನದ ನೀರನ್ನು ನಂಬಿ ಕೊನೆಯ ರೈತ ಯಾವ ಬೆಳೆ ಆರಿಸುತ್ತಾನೆ ಎಂಬುದನ್ನು ಐದನೇ ಅಧ್ಯಾಯ ನೋಡುತ್ತದೆ.’

ಎರಡನೆಯದು ಉದ್ದವಾಯಿತು, ಆಗಲಿ. ಫಲಿತಾಂಶದ ಅಧ್ಯಾಯಕ್ಕೆ ಒಂದೂವರೆ ಪುಟ ಕೊಡಬಹುದು, ಪ್ರಸ್ತಾವನೆ ಮತ್ತು ಸಮೀಕ್ಷೆಗೆ ಅರ್ಧರ್ಧ ಪುಟ ಸಾಕು. ಒಟ್ಟು ಆರು ಪುಟ ದಾಟದಿದ್ದರೆ ಆಯಿತು. ಅಳತೆಯನ್ನು ಪದಗಳಲ್ಲಿ ಎಣಿಸಬೇಡಿ. ಕನ್ನಡದಲ್ಲಿ ವಿಭಕ್ತಿ, ಸಮಾಸ ಎಲ್ಲ ಪದಕ್ಕೇ ಅಂಟುವುದರಿಂದ ಇಂಗ್ಲಿಷ್‌ನ ಮುನ್ನೂರು ಪದದ ಮಿತಿಯನ್ನು ಇಲ್ಲಿಗೆ ತಂದರೆ ಸಾರಾಂಶ ಅನಗತ್ಯವಾಗಿ ಉಬ್ಬುತ್ತದೆ. ಪುಟದ ಲೆಕ್ಕವೇ ನೆಟ್ಟಗಿರುತ್ತದೆ.

ಇಳಿಸುವಾಗ ಮುರಿಯುವುದು

ಮೊದಲ ಅಪಾಯ, ಎಚ್ಚರದ ಮಾತುಗಳು ಉದುರಿಹೋಗುವುದು. ಥೀಸಿಸ್‌ನಲ್ಲಿ ‘ಭತ್ತದ ವಿಸ್ತೀರ್ಣ ಹೆಚ್ಚಿದ ತೂಬುಗಳ ಕೆಳಗೆ ಕೊರತೆ ಹೆಚ್ಚಿರುವುದು ಕಂಡುಬಂದಿದೆ’ ಎಂದಿರುತ್ತದೆ. ಸಾರಾಂಶದಲ್ಲಿ ಜಾಗ ಉಳಿಸಲು ಹೋಗಿ ಅದು ‘ಭತ್ತದಿಂದ ಕೊರತೆ’ ಎಂದಾಗುತ್ತದೆ. ಎರಡು ಸಂಗತಿ ಜೊತೆಯಲ್ಲಿ ಕಂಡದ್ದು ಒಂದು ಇನ್ನೊಂದಕ್ಕೆ ಕಾರಣವಾಗಿಬಿಟ್ಟಿತು. ವೈವಾದಲ್ಲಿ ಮೊದಲ ಪ್ರಶ್ನೆ ಇದರ ಮೇಲೆಯೇ ಬೀಳುತ್ತದೆ, ಉತ್ತರ ಥೀಸಿಸ್‌ನಲ್ಲಿ ಇರುವುದಿಲ್ಲ. ‘ದಿಂದ’, ‘ಕಾರಣ’, ‘ಪರಿಣಾಮ’ ಎಂಬ ಪದಗಳಿಗೆಲ್ಲ ಸಾರಾಂಶದಲ್ಲಿ ಗೆರೆ ಎಳೆದು, ಮೂಲದಲ್ಲಿ ಅದೇ ಬಲದ ಮಾತು ಇದೆಯೇ ಎಂದು ಪುಟ ತೆರೆದು ನೋಡಿ.

ಎರಡನೆಯದು ಅಂಕಿಗಳ ತಾಳ ತಪ್ಪುವುದು. ಮೂರನೇ ಅಧ್ಯಾಯದಲ್ಲಿ 180 ಕುಟುಂಬ ಅಂದಿದೆ. ಐದನೇ ಅಧ್ಯಾಯದ ಸಾಲದ ಕೋಷ್ಟಕ ಕೂಡಿದರೆ 174. ಆರು ಕುಟುಂಬಗಳು ಸಾಲದ ಪ್ರಶ್ನೆಗೆ ಉತ್ತರಿಸಿರಲಿಲ್ಲ, ಅದು ಅಡಿಟಿಪ್ಪಣಿಯಲ್ಲಿದೆ. ಇನ್ನೂರೈವತ್ತು ಪುಟ ಹರಡಿಕೊಂಡಿದ್ದಾಗ ಯಾರ ಕಣ್ಣಿಗೂ ಬೀಳದ ಈ ವ್ಯತ್ಯಾಸ ಆರು ಪುಟದೊಳಗೆ ಎದುರುಬದುರು ಕೂರುತ್ತದೆ. ಶೇಕಡಾವಾರು ಕೊಟ್ಟ ಕಡೆಯೆಲ್ಲ ಎಷ್ಟರಲ್ಲಿ ಎಂಬುದನ್ನೂ ಬರೆಯಿರಿ: ‘174ರಲ್ಲಿ 87 ಕುಟುಂಬ’ ಎಂದರೆ ಜಗಳವಿಲ್ಲ. ಅಂಕಿಗಳನ್ನು ನೆನಪಿನಿಂದ ಬರೆಯದೆ ಕೋಷ್ಟಕದಿಂದಲೇ ಇಳಿಸಿಕೊಳ್ಳಿ.

ಮೂರನೆಯದು ಕೊಂಡಿ ಕಳಚುವುದು. ಎಲ್ಲ ಅಧ್ಯಾಯಗಳ ಸಾರಾಂಶ ಮುಗಿದ ಮೇಲೆ ಪ್ರತಿಯೊಂದರ ಕೊನೆಯ ವಾಕ್ಯ ಮತ್ತು ಮುಂದಿನದರ ಮೊದಲ ವಾಕ್ಯವನ್ನು ಮಾತ್ರ ಜೋರಾಗಿ ಓದಿ. ನಾಲ್ಕರಿಂದ ಐದಕ್ಕೆ ನೀರಿನ ಎಳೆ ಹರಿಯುತ್ತದೆ, ಸರಿ. ಐದನೆಯದು ಸಾಲದಲ್ಲಿ ಮುಗಿದು, ಆರನೆಯದು ನೀರು ಬಳಕೆದಾರರ ಸಂಘಗಳಿಗೆ ಸಲಹೆ ಕೊಡಲು ಶುರುಮಾಡಿದರೆ? ಸಾಲದ ಫಲಿತಾಂಶ ಉಪಸಂಹಾರಕ್ಕೆ ಬಂದೇ ಇಲ್ಲ. ಈ ದೋಷ ಥೀಸಿಸ್‌ನದು, ಸಾರಾಂಶ ಅದನ್ನು ತೋರಿಸಿಕೊಟ್ಟಿತು ಅಷ್ಟೇ. ಚೆಂದದ ವಾಕ್ಯವೊಂದನ್ನು ನಡುವೆ ತುರುಕಿ ಮುಚ್ಚಿಡಬೇಡಿ.

ಗೈಡ್‌ಗೆ ಒಂದು, ಪರೀಕ್ಷಕರಿಗೆ ಒಂದು

ಒಂದೇ ಪ್ರತಿ ಇಬ್ಬರಿಗೂ ಆಗುವುದಿಲ್ಲ. ಗೈಡ್‌ಗೆ ವಿಷಯ ಗೊತ್ತು, ಅವರಿಗೆ ಬೇಕಾದದ್ದು ಹೋದ ಸಲದಿಂದ ಏನು ಬದಲಾಗಿದೆ ಮತ್ತು ಎಲ್ಲಿ ತೀರ್ಮಾನ ಆಗಬೇಕಿದೆ ಎಂಬುದು. ಪ್ರತಿ ಅಧ್ಯಾಯದ ಕೆಳಗೆ ಎರಡು ಸಾಲು ಸೇರಿಸಿ. ‘ಬದಲಾವಣೆ: ಗೇಜ್ ದಾಖಲೆ ಒಂದು ಹಂಗಾಮಿನಿಂದ ಎರಡಕ್ಕೆ ಏರಿದೆ. ಕೇಳಬೇಕಾದದ್ದು: ಹೂಳಿನ ವಿಷಯ ಮಿತಿಯೆಂದು ಬಿಡುವುದೋ, ನೀರಾವರಿ ಇಲಾಖೆಯ ಕಡತ ಹುಡುಕುವುದೋ?’ ಹೀಗೆ ಇದೋ ಅದೋ ಎಂದು ಒಂದೇ ಮಾತಿನಲ್ಲಿ ಉತ್ತರಿಸಬಹುದಾದ ಪ್ರಶ್ನೆಗಳನ್ನೇ ಇಡಿ. ‘ಸರ್, ನಾಲ್ಕನೇ ಅಧ್ಯಾಯ ಹೇಗಿದೆ?’ ಎಂದರೆ ‘ಚೆನ್ನಾಗಿದೆ, ಇನ್ನಷ್ಟು ಸುಧಾರಿಸಿ’ ಎಂಬ ಉತ್ತರ ತಗೊಂಡು ಬಸ್ ಹತ್ತಬೇಕಾಗುತ್ತದೆ. ಯುಜಿಸಿಯ 2022ರ ನಿಯಮಗಳಂತೆ ಪ್ರತಿ ಸೆಮಿಸ್ಟರ್ ಸಂಶೋಧನಾ ಸಲಹಾ ಸಮಿತಿಯ ಮುಂದೆ ಪ್ರಗತಿ ಮಂಡಿಸಬೇಕಲ್ಲ, ಅಲ್ಲಿಗೂ ಇದೇ ಪ್ರತಿ ಸ್ವಲ್ಪ ಬದಲಿಸಿದರೆ ನಡೆಯುತ್ತದೆ.

ಪರೀಕ್ಷಕರ ಪ್ರತಿಯಲ್ಲಿ ಆ ಎರಡು ಸಾಲು ಇರಕೂಡದು. ಬದಲಿಗೆ ಪ್ರತಿ ಅಧ್ಯಾಯಕ್ಕೆ ಪುಟದ ವ್ಯಾಪ್ತಿ, ಮುಖ್ಯ ಕೋಷ್ಟಕದ ಸಂಖ್ಯೆ, ಹೊಸದಾಗಿ ಹೇಳಿದ್ದು ಏನು ಎಂಬ ಒಂದು ವಾಕ್ಯ ಬೇಕು. ಮಿತಿಗಳನ್ನು ತೆಗೆಯಬೇಡಿ. ತಾವೇ ಹೇಳಿದ ಮಿತಿಯ ಬಗ್ಗೆ ಉತ್ತರಿಸುವುದು ಸುಲಭ, ಪರೀಕ್ಷಕರು ಹುಡುಕಿ ತೆಗೆದ ಮಿತಿಯ ಬಗ್ಗೆ ಕಷ್ಟ. ಹೊರಗಿನ ಪರೀಕ್ಷಕರು ನಮ್ಮ ಕಡೆಯವರಲ್ಲದಿರಬಹುದು. ತೂಬು, ನೀರಗಂಟಿ, ಅಚ್ಚುಕಟ್ಟು ಎಂಬ ಮಾತುಗಳಿಗೆ ಮೊದಲ ಸಲ ಬಂದಾಗ ನಾಲ್ಕು ಪದದ ವಿವರಣೆ ಕೊಡಿ. ಮತ್ತೆ, ಈ ಪ್ರತಿಯನ್ನು ಪರೀಕ್ಷಕರಿಗೆ ನೀವೇ ಕಳಿಸಬೇಡಿ. ಗೈಡ್ ಅಥವಾ ವಿಶ್ವವಿದ್ಯಾಲಯದ ಪರೀಕ್ಷಾ ವಿಭಾಗದ ಮೂಲಕವೇ ಹೋಗಬೇಕು. ವಿಶ್ವವಿದ್ಯಾಲಯ ಕೇಳುವ ಅಧಿಕೃತ ಸಿನಾಪ್ಸಿಸ್‌ಗೆ ಅದರದೇ ನಮೂನೆ ಇರುತ್ತದೆ, ಇದು ಅದರ ಬದಲಿಗೆ ಆಗುವುದಿಲ್ಲ.

ಕಳಿಸುವ ಮುನ್ನ ಫಾಂಟ್ ನೋಡಿ. ನುಡಿಯ ಹಳೆಯ ಆಸ್ಕಿ ಫಾಂಟ್‌ನಲ್ಲಿ ಟೈಪ್ ಮಾಡಿದ ಕಡತ ಆ ಫಾಂಟ್ ಇಲ್ಲದ ಫೋನಿನಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಸಾಲಾಗಿ ತೆರೆಯುತ್ತದೆ. ಯೂನಿಕೋಡ್‌ಗೆ ಬದಲಿಸಿ, ಪಿಡಿಎಫ್ ಮಾಡಿ ಕಳಿಸಿ. ಬದಲಿಸಿದಾಗ ಒತ್ತಕ್ಷರ, ಅರ್ಕಾವತ್ತು ಕೆಲವು ಕಡೆ ಕೆಡುತ್ತವೆ, ಹೆಸರುಗಳನ್ನು ಇನ್ನೊಮ್ಮೆ ಓದಬೇಕು.

ಪುಟ ಸಂಖ್ಯೆಗಳನ್ನು ಎಲ್ಲಕ್ಕಿಂತ ಕೊನೆಗೆ ಹಾಕಿ. ಭೇಟಿಯಲ್ಲಿ ಗೈಡ್ ಸಾರಾಂಶದ ಮೇಲೆ ಗುರುತು ಮಾಡಿದ ತಿದ್ದುಪಡಿಯನ್ನು ಮೊದಲು ಥೀಸಿಸ್‌ನ ಅಧ್ಯಾಯದಲ್ಲಿ ಮಾಡಿ, ಆಮೇಲೆ ಸಾರಾಂಶದಲ್ಲಿ. ತಿರುವುಮುರುವಾದರೆ ಪುಟ 128ರ ಕೋಷ್ಟಕ 131ಕ್ಕೆ ಜಾರಿರುತ್ತದೆ, ಪರೀಕ್ಷಕರು ತೆರೆದ ಪುಟದಲ್ಲಿ ಬೇರೆಯೇ ಕೋಷ್ಟಕ ಇರುತ್ತದೆ.