ಆರು ನಿಮಿಷದ ನಡಿಗೆಯಿಂದ ಹಿರಿಯರ ವೇಗ ತಿಳಿಯುವುದು ಹೇಗೆ?

ಆರು ನಿಮಿಷದ ನಡಿಗೆ ಪರೀಕ್ಷೆ ಮುಗಿದಾಗ ಕೈಗೆ ಸಿಗುವುದು ಒಂದೇ ಸಂಖ್ಯೆ: ನಡೆದ ದೂರ, ಮೀಟರುಗಳಲ್ಲಿ. ಅದನ್ನು ವೇಗವಾಗಿ ಬದಲಿಸಲು ಒಂದು ಭಾಗಾಕಾರ ಸಾಕು. ಎಡವುವುದು ಹೆಚ್ಚಾಗಿ ಅದಕ್ಕಿಂತ ಮೊದಲು, ದೂರವನ್ನು ಎಣಿಸುವಾಗ.

ಪರೀಕ್ಷೆಗೆ 30 ಮೀಟರ್ ಉದ್ದದ ನೇರ, ಸಮತಟ್ಟಾದ ಹಾದಿ ಬೇಕು. ಎರಡೂ ತುದಿಗೆ ಒಂದೊಂದು ಕೋನ್ ಇಟ್ಟು, ನೆಲದ ಮೇಲೆ 3 ಮೀಟರಿಗೊಂದು ಗುರುತು ಹಾಕಿ. ಹೋಗಿ ಬಂದರೆ ಒಂದು ಸುತ್ತು, ಅಂದರೆ 60 ಮೀಟರ್. ಹಿರಿಯರು ತಮ್ಮಿಂದ ಸಾಧ್ಯವಾದಷ್ಟು ದೂರ ನಡೆಯಬೇಕು, ಓಡಬಾರದು. ಸುಸ್ತಾದರೆ ನಿಲ್ಲಬಹುದು, ಕುಳಿತುಕೊಳ್ಳಲೂಬಹುದು. ಆದರೆ ಗಡಿಯಾರ ನಿಲ್ಲುವುದಿಲ್ಲ. ದಿನವೂ ಊರುಗೋಲು ಹಿಡಿಯುವವರು ಪರೀಕ್ಷೆಯಲ್ಲೂ ಅದನ್ನು ಹಿಡಿದೇ ನಡೆಯಲಿ. ಕಳೆದ ಒಂದು ತಿಂಗಳಲ್ಲಿ ಹೃದಯಾಘಾತ ಆದವರಿಗೆ ಈ ಪರೀಕ್ಷೆ ಮಾಡಿಸುವಂತಿಲ್ಲ. ಎದೆನೋವು, ತಡೆಯಲಾರದ ಉಬ್ಬಸ ಅಥವಾ ತೂರಾಟ ಕಂಡರೆ ಕೂಡಲೇ ನಿಲ್ಲಿಸಿ.

72 ವರ್ಷದ ಹೆಂಗಸೊಬ್ಬರ ಲೆಕ್ಕವನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಅವರು ಐದು ಸುತ್ತು ಪೂರ್ತಿ ಮುಗಿಸಿ ಆರನೆಯದಕ್ಕೆ ಹೊರಟರು. ಆಚೆ ತುದಿಯ ಕೋನ್ ಸುತ್ತಿ ಹಿಂದಿರುಗುವಾಗ, ಆ ಕೋನಿನಿಂದ 12 ಮೀಟರ್ ಈಚೆಗೆ ಬಂದಿದ್ದಾಗ ಸಮಯ ಮುಗಿಯಿತು. ಐದು ಸುತ್ತಿಗೆ 300, ಹೋಗುವಾಗಿನ 30, ಬರುವಾಗಿನ 12: ಒಟ್ಟು 342 ಮೀಟರ್. ಆದರೆ ಹೊರಟ ತುದಿಯಿಂದ ಅಳೆದರೆ ಅವರು ನಿಂತ ಜಾಗ 18 ಮೀಟರ್ ದೂರದಲ್ಲಿರುತ್ತದೆ. ಅವಸರದಲ್ಲಿ 300ಕ್ಕೆ ಆ 18 ಕೂಡಿಸಿ 318 ಎಂದು ಬರೆದುಬಿಟ್ಟರೆ 24 ಮೀಟರ್ ಮಾಯ. ಅದಕ್ಕೇ ಪ್ರತಿ ಸುತ್ತಿಗೆ ಒಂದು ಗೆರೆ ಎಳೆಯುವ ಜೊತೆಗೆ, ಕೊನೆಯ ಗಳಿಗೆಯಲ್ಲಿ ಅವರು ಹೋಗುತ್ತಿದ್ದರೋ ಬರುತ್ತಿದ್ದರೋ ಎಂಬುದನ್ನೂ ಬರೆದಿಡಿ.

ಇನ್ನು ಭಾಗಾಕಾರ. ಆರು ನಿಮಿಷವೆಂದರೆ 360 ಸೆಕೆಂಡು. 342 ÷ 360 = 0.95, ಅಂದರೆ ಸೆಕೆಂಡಿಗೆ 0.95 ಮೀಟರ್. ಗಂಟೆಗೆ ಎಷ್ಟು ಕಿಲೋಮೀಟರ್ ಎಂದು ತಿಳಿಯುವುದು ಇನ್ನೂ ಸುಲಭ: ದೂರವನ್ನು 100ರಿಂದ ಭಾಗಿಸಿ. 342 ಮೀಟರ್ ಎಂದರೆ ಗಂಟೆಗೆ 3.42 ಕಿಲೋಮೀಟರ್. ಗಂಟೆಯಲ್ಲಿ ಆರು ನಿಮಿಷ ಹತ್ತು ಸಲ ಬರುತ್ತದೆ, ಕಿಲೋಮೀಟರಿಗೆ ಸಾವಿರ ಮೀಟರ್. ಹೀಗಾಗಿ ಈ ಅಡ್ಡದಾರಿ ಅಂದಾಜಲ್ಲ, ಪಕ್ಕಾ ಲೆಕ್ಕ.

ಈಗ ಇದೇ ಹೆಂಗಸು ನಡುವೆ 40 ಸೆಕೆಂಡು ಗೋಡೆಗೆ ಒರಗಿ ನಿಂತಿದ್ದರು ಎನ್ನೋಣ. ಆಗ ನಿಜವಾಗಿ ನಡೆದದ್ದು 320 ಸೆಕೆಂಡು. 342 ÷ 320 ಮಾಡಿದರೆ ಸೆಕೆಂಡಿಗೆ ಸುಮಾರು 1.07 ಮೀಟರ್. ಎರಡು ಉತ್ತರಗಳೂ ಸರಿ, ಆದರೆ ಹೇಳುವುದು ಬೇರೆ ಬೇರೆ. 0.95 ಎಂಬುದು ದಣಿವನ್ನೂ ಸೇರಿಸಿದ ಸರಾಸರಿ, 1.07 ಎಂಬುದು ಕಾಲು ಆಡುತ್ತಿದ್ದಾಗಿನ ವೇಗ. ಪರೀಕ್ಷೆಯ ಫಲಿತಾಂಶವಾಗಿ ಮೊದಲನೆಯದನ್ನೇ ಬರೆಯಿರಿ, ಪಕ್ಕದಲ್ಲಿ ವಿಶ್ರಾಂತಿಯ ಸಮಯವನ್ನು ಸೇರಿಸಿ. ಇವೆರಡರ ನಡುವಿನ ಅಂತರ ದೊಡ್ಡದಿದ್ದರೆ, ತೊಂದರೆ ಹೆಜ್ಜೆಯ ವೇಗದಲ್ಲಿಲ್ಲ, ತ್ರಾಣದಲ್ಲಿದೆ ಎಂದು ಗೊತ್ತಾಗುತ್ತದೆ. ಈ ಸುಳಿವು ನಮಗಂತೂ ವೇಗದಷ್ಟೇ ಮುಖ್ಯ.

ಹೀಗೆ ಬಂದ ವೇಗವನ್ನು ಎಲ್ಲದಕ್ಕೂ ಹೋಲಿಸುವಂತಿಲ್ಲ. ಸ್ನಾಯು ಕ್ಷೀಣಿಸಿದೆಯೇ ಎಂದು ನೋಡುವಾಗ ಕೇಳಿಬರುವ ಸೆಕೆಂಡಿಗೆ 0.8 ಮೀಟರ್ ಎಂಬ ಮಿತಿ, ಕೆಲವೇ ಮೀಟರ್ ದೂರವನ್ನು ದಿನನಿತ್ಯದ ನಡಿಗೆಯಲ್ಲಿ ನಡೆಸಿ ಅಳೆದದ್ದಕ್ಕೆ ಅನ್ವಯಿಸುತ್ತದೆ. ಇಲ್ಲಿಯದಾದರೋ ಆರು ನಿಮಿಷ ಜೋರಾಗಿ ನಡೆದ ವೇಗ, ಅದರಲ್ಲಿ ತಿರುವುಗಳೂ ಇವೆ. ಪ್ರತಿ ತಿರುವಿನಲ್ಲಿ ಹಿರಿಯರು ನಿಧಾನಿಸಿ, ಹೆಜ್ಜೆ ಸರಿಪಡಿಸಿಕೊಂಡು ಮತ್ತೆ ವೇಗ ಹಿಡಿಯಬೇಕು. 30 ಮೀಟರ್ ಹಾದಿಯಲ್ಲಿ 342 ಮೀಟರಿಗೆ 11 ತಿರುವು. ಮನೆಯ 10 ಮೀಟರ್ ಪಡಸಾಲೆಯಲ್ಲಿ ಅಷ್ಟೇ ದೂರಕ್ಕೆ 34. ಆದ್ದರಿಂದ ಆಸ್ಪತ್ರೆಯ ಅಳತೆಯನ್ನು ಮನೆಯ ಅಳತೆಯೊಂದಿಗೆ ಹೋಲಿಸಿ, ವೇಗ ಕುಸಿಯಿತೆಂದು ಗಾಬರಿಯಾಗಬೇಡಿ.

ಮೂರು ತಿಂಗಳ ನಂತರ ಅದೇ ಹಾದಿಯಲ್ಲಿ 365 ಮೀಟರ್ ಬಂತು ಎನ್ನಿ. 23 ಮೀಟರ್ ಹೆಚ್ಚಳವೆಂದರೆ ಸೆಕೆಂಡಿಗೆ ಸುಮಾರು 0.06 ಮೀಟರ್. ಹಿರಿಯರಲ್ಲಿ ಸುಮಾರು 20 ಮೀಟರನ್ನು ಸಣ್ಣದಾದರೂ ಅರ್ಥವುಳ್ಳ ಬದಲಾವಣೆಯೆಂದೂ, 50 ಮೀಟರನ್ನು ದೊಡ್ಡ ಬದಲಾವಣೆಯೆಂದೂ ಪರಿಗಣಿಸುವುದುಂಟು. ಆದರೆ ಎರಡನೇ ಸಲ ನಡೆಯುವಾಗ ಪರೀಕ್ಷೆ ಪರಿಚಿತವಾಗಿರುವುದರಿಂದಲೇ ದೂರ ಕೊಂಚ ಹೆಚ್ಚುವುದುಂಟು. ಇದನ್ನು ತಪ್ಪಿಸಲು ಆರಂಭದಲ್ಲೇ ಎರಡು ಬಾರಿ ನಡೆಸಿ, ನಡುವೆ ಕನಿಷ್ಠ ಅರ್ಧ ಗಂಟೆ ವಿಶ್ರಾಂತಿ ಕೊಟ್ಟು, ಹೆಚ್ಚು ಬಂದ ದೂರವನ್ನು ಮೊದಲ ಅಳತೆಯಾಗಿ ಇಟ್ಟುಕೊಳ್ಳಿ.